ಲೈಕು ಕೊಟ್ಟವರು ಅಂಗಿ ಕೊಳ್ಳಲಿಲ್ಲ

ನಮ್ಮ ರೂಮಿನ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ಇದೆ. ಅದರಲ್ಲಿ ಹದಿಮೂರು ಟೀ ಶರ್ಟ್ ಇದ್ದವು. ಈಗ ಎಂಟು ಉಳಿದಿವೆ. ಆ ಹದಿಮೂರೂ ಬೇಕು ಎಂದು ಆರ್ಡರ್ ಮಾಡಿದವರಿದ್ದರು. ಅವು ಊರಿನವರೆಗೂ ಬಂದು, ಬಾಗಿಲಿಗೆ ತಲುಪದೆ ವಾಪಸ್ ಹೋಗಿ, ಕೊನೆಗೆ ನಮ್ಮ ವಿಳಾಸಕ್ಕೇ ಬಂದವು. ನಮ್ಮ ಪುಟ ನೋಡುವವರಲ್ಲಿ ಎಷ್ಟೋ ಜನ 'ಆ ಟೀ ಶರ್ಟ್ ಏನಾಯ್ತು, ಮತ್ತೆ ಯಾಕೆ ಮಾಡಲಿಲ್ಲ' ಎಂದು ಕೇಳುತ್ತಲೇ ಇದ್ದಾರೆ. ತಮ್ಮದೇ ಯೂಟ್ಯೂಬ್ ಚಾನೆಲ್ಲೋ ಭಜನೆ ತಂಡವೋ ಇಟ್ಟುಕೊಂಡು ಇದೇ ಕೆಲಸಕ್ಕೆ ಕೈ ಹಾಕಲು ಹೊರಟವರೂ ಕೇಳಿದ್ದಾರೆ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇವೆ.

ಗುಂಡ್ಲುಪೇಟೆ ಕಡೆ ಜುಲೈ, ಆಗಸ್ಟ್ ಬಂತೆಂದರೆ ಚೆಂಡು ಹೂವಿನ ಹೊಲಗಳು ಹೇಗಿರುತ್ತವೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ನಾವು ಅಲ್ಲೇ ಹೂ ಕೊಯ್ಯುವ ಹೆಂಗಸರ ಮಧ್ಯೆ ನಿಂತು ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿ ಹಾಕಿದೆವು. ನಾಲ್ಕು ದಿನದಲ್ಲಿ ಆರು ಲಕ್ಷ ಜನ ನೋಡಿದರು. ಅಲ್ಲಿಯವರೆಗೆ ನಮ್ಮ ಯಾವ ವಿಡಿಯೊವೂ ಹತ್ತು ಸಾವಿರ ದಾಟಿರಲಿಲ್ಲ. ನಮಗೆ ತಲೆ ತಿರುಗಿತು. ಇಷ್ಟು ಜನರಲ್ಲಿ ನೂರಕ್ಕೆ ಒಬ್ಬರು ಬೇಡ, ಸಾವಿರಕ್ಕೆ ಒಬ್ಬರು ಅಂಗಿ ತೆಗೆದುಕೊಂಡರೂ ಆರುನೂರು ಅಂಗಿ ಆಯಿತಲ್ಲ ಎಂದು ರಾತ್ರಿಯೆಲ್ಲ ಕೂತು ಗುಣಿಸಿದೆವು. ಆ ಗುಣಾಕಾರವೇ ತಪ್ಪು. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ದುಡ್ಡು ಹಾಕದೆ ಅಂಗಿ ಮಾರುವ ದಾರಿ ಇದೆ ಎಂದು ನಮಗೆ ಗೊತ್ತಿತ್ತು. ಪ್ರಿಂಟ್ ಆನ್ ಡಿಮಾಂಡ್ ಎನ್ನುತ್ತಾರೆ. ಆರ್ಡರ್ ಬಂದ ಮೇಲೆ ಒಂದೊಂದೇ ಅಚ್ಚು ಹಾಕುವುದು ಎಂದರ್ಥ. ಚಿತ್ರ ನಮ್ಮದು, ಅಂಗಿ, ಮಿಷನ್ನು, ಪ್ಯಾಕಿಂಗ್ ಎಲ್ಲ ಕಂಪನಿಯದು. ಗಿರಾಕಿ ನಮ್ಮ ಪುಟದಲ್ಲಿ ಆರ್ಡರ್ ಕೊಟ್ಟರೆ ಅದು ನೇರ ಕಂಪನಿಗೆ ಹೋಗುತ್ತದೆ. ಅವರು ಅಚ್ಚು ಹಾಕಿ ಕೊರಿಯರ್‌ಗೆ ಕೊಡುತ್ತಾರೆ. ತಮ್ಮ ಖರ್ಚು ಹಿಡಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಾರೆ. ಅಂಗಿಯ ಸ್ಟಾಕ್ ಇಡಬೇಕಾಗಿಲ್ಲ. ನಾವು ಹಿಡಿದದ್ದು ತಿರುಪ್ಪೂರಿನ ಕಡೆಯ ಒಂದು ಕಂಪನಿ. ಬನಿಯನ್ ಬಟ್ಟೆಗೆ ಆ ಊರು ಹೆಸರುವಾಸಿ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ದಾಟಿದರೆ ಅರ್ಧ ದಿನದ ದಾರಿ. ಆದರೆ ಪಾರ್ಸೆಲ್ಲು ಆ ದಾರಿಯಲ್ಲಿ ಬರುವುದಿಲ್ಲ. ಅದು ಬೆಂಗಳೂರಿಗೆ ಹೋಗಿ, ಮೈಸೂರಿಗೆ ಬಂದು, ಆಮೇಲೆ ಗುಂಡ್ಲುಪೇಟೆಗೆ ಬರುತ್ತದೆ. ಪಕ್ಕದ ಮನೆಗೆ ಊರೆಲ್ಲ ಸುತ್ತಿಕೊಂಡು ಹೋದ ಹಾಗೆ.

ಮೊದಲ ಎಡವಟ್ಟು ಅಕ್ಷರದ್ದು. ಚೆಂಡು ಹೂವಿನ ಚಿತ್ರದ ಕೆಳಗೆ 'ಗುಂಡ್ಲುಪೇಟೆ' ಎಂದು ಬರೆಯೋಣ ಎಂದು ಕಂಪನಿಯ ವೆಬ್‌ಸೈಟಿನಲ್ಲೇ ಟೈಪ್ ಮಾಡಿದೆವು. ಅಲ್ಲಿ ಅದು 'ಗುಂಡ್‌ಲುಪೇಟೆ' ಎಂದು ಬಂತು. ಡಕಾರದ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಜಾರಿತ್ತು. ಇಂಗ್ಲಿಷಿಗೆಂದು ಮಾಡಿದ ಸಾಧನಗಳಲ್ಲಿ ಎಷ್ಟೋ ಸಲ ಕನ್ನಡದ ಒತ್ತಕ್ಷರ ಹೀಗೆ ಒಡೆಯುತ್ತದೆ. ನಮ್ಮಲ್ಲೊಬ್ಬ ಅದನ್ನು ಗಮನಿಸದೆ ಸ್ಯಾಂಪಲ್ ತರಿಸಿಬಿಟ್ಟಿದ್ದ. ಪರಿಹಾರ ಸುಲಭ. ಅಕ್ಷರವನ್ನು ಅಲ್ಲಿ ಟೈಪ್ ಮಾಡಬಾರದು. ಕನ್ನಡ ಸರಿಯಾಗಿ ಮೂಡುವ ಆ್ಯಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಉಳಿಸಿ, ಆ ಚಿತ್ರವನ್ನು ಹಾಕಬೇಕು. ಚಿತ್ರ ದೊಡ್ಡದಿರಬೇಕು. ಎದೆಯ ಮೇಲೆ 12 ಇಂಚು ಅಗಲ ಅಚ್ಚಾಗಬೇಕಾದರೆ ಅಡ್ಡಕ್ಕೆ 3600 ಪಿಕ್ಸೆಲ್ ಇದ್ದರೆ ಅಂಚು ಚೂಪಾಗಿ ಬರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಚಿತ್ರ ಬಳಸಿದರೆ ಮಸುಕಾಗುತ್ತದೆ, ಏಕೆಂದರೆ ವಾಟ್ಸಾಪ್ ಅದನ್ನು ಕುಗ್ಗಿಸಿರುತ್ತದೆ.

ಬಣ್ಣದ್ದು ಇನ್ನೊಂದು ಕಥೆ. ಮೊಬೈಲಿನಲ್ಲಿ ಹೊಳೆಯುತ್ತಿದ್ದ ಚೆಂಡು ಹೂವು ಕಪ್ಪು ಅಂಗಿಯ ಮೇಲೆ ಹಳೆ ಅರಿಶಿನದ ಕಲೆಯ ಹಾಗೆ ಬಂದಿತ್ತು. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಬಟ್ಟೆಯಲ್ಲಿ ಆ ಬೆಳಕಿಲ್ಲ. ಅದೂ ಕಪ್ಪು ಬಟ್ಟೆಯಾದರೆ ಮೊದಲು ಬಿಳಿ ಶಾಯಿ ಹಾಸಿ ಅದರ ಮೇಲೆ ಬಣ್ಣ ಹಾಕಬೇಕು. ಆ ಬಿಳಿ ತೆಳುವಾದರೆ ಎಲ್ಲವೂ ಮಂಕು. ಇದಲ್ಲದೆ ನಮ್ಮ ಕಡೆ ಬಟ್ಟೆ ಒಗೆಯುವುದು ಕಲ್ಲಿನ ಮೇಲೆ. ಕಂಪನಿಯ ಚೀಟಿಯಲ್ಲಿ 'ಒಳಮಗ್ಗುಲು ತಿರುಗಿಸಿ ತಣ್ಣೀರಿನಲ್ಲಿ ಒಗೆಯಿರಿ, ಅಚ್ಚಿನ ಮೇಲೆ ಇಸ್ತ್ರಿ ಬೇಡ' ಎಂದಿತ್ತು. ನಮ್ಮ ಅಮ್ಮಂದಿರು ಚೀಟಿ ಓದಿ ಬಟ್ಟೆ ಒಗೆಯುವವರಲ್ಲ. ಅದಕ್ಕೆ ಎರಡು ಥರದ ಅಚ್ಚಿನ ಸ್ಯಾಂಪಲ್ ತರಿಸಿ, ಹತ್ತು ಸಲ ಕಲ್ಲಿಗೆ ಬಡಿಸಿದೆವು. ಶಾಯಿಯನ್ನು ನೇರ ಬಟ್ಟೆಗೆ ಸಿಂಪಡಿಸಿದ್ದು ಸ್ವಲ್ಪ ಬಣ್ಣ ಬಿಟ್ಟಿತು, ಒಡೆಯಲಿಲ್ಲ. ಹಾಳೆಯ ಮೇಲೆ ಅಚ್ಚು ಮಾಡಿ ಬಿಸಿಯಲ್ಲಿ ಅಂಟಿಸಿದ್ದು ಬಣ್ಣ ಬಿಡಲಿಲ್ಲ, ಆದರೆ ಏಳನೇ ಒಗೆತಕ್ಕೆ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿತು. ನಾವು ಮೊದಲನೆಯದನ್ನೇ ಹಿಡಿದೆವು. ಸ್ಯಾಂಪಲ್‌ಗಳಿಗೆ ಒಟ್ಟು 1,400 ರೂಪಾಯಿ ಹೋಯಿತು. ಆ ದುಡ್ಡಿಗೆ ನಮಗೆ ಬೇಸರವಿಲ್ಲ.

ಬೆಲೆ 499 ಇಟ್ಟೆವು. ಅಂಗಿ, ಅಚ್ಚು, ತೆರಿಗೆ ಸೇರಿ ಕಂಪನಿಗೆ 290. ಕೊರಿಯರ್ 65. ಮೊದಲೇ ದುಡ್ಡು ಕಟ್ಟಿದವರಾದರೆ ಪಾವತಿಯ ಕಮಿಷನ್ 10 ಕಳೆದು ನಮಗೆ 134 ಉಳಿಯುತ್ತಿತ್ತು. ಮನೆ ಬಾಗಿಲಲ್ಲಿ ದುಡ್ಡು ಕೊಡುವವರಾದರೆ ಆ ಸೇವೆಗೆ 40 ಹೋಗಿ, 104 ಉಳಿಯುತ್ತಿತ್ತು. ನಮ್ಮ ಜನ ಮೊದಲೇ ದುಡ್ಡು ಕಟ್ಟುವುದಿಲ್ಲ, ಬಾಗಿಲಲ್ಲಿ ಕೊಡುವ ಅವಕಾಶ ಇರಲೇಬೇಕು ಎಂದು ನಮ್ಮಲ್ಲಿ ಮೂವರು ಹಠ ಹಿಡಿದರು. ನಾಲ್ಕನೆಯವಳು ಬೇಡ ಎಂದಳು. ಅವಳ ಅಪ್ಪನದು ಬಟ್ಟೆ ಅಂಗಡಿ, ಉದ್ರಿ ಎಂದರೆ ಏನೆಂದು ಗೊತ್ತಿದ್ದವಳು. ನಾವು ಕೇಳಲಿಲ್ಲ.

ಆರುನೂರು ಎಂದುಕೊಂಡಿದ್ದ ಕಡೆ 41 ಆರ್ಡರ್ ಬಂದವು. 9 ಜನ ದುಡ್ಡು ಕಟ್ಟಿದ್ದರು, 32 ಬಾಗಿಲಲ್ಲಿ ಕೊಡುವವರು. ಹನ್ನೊಂದನೆಯ ದಿನದಿಂದ ನಮ್ಮ ಪರದೆಯಲ್ಲಿ ಒಂದರ ಹಿಂದೆ ಒಂದು `RTO` ಎಂದು ಕೆಂಪಗೆ ಕಾಣತೊಡಗಿತು. ಅಂದರೆ ಕಳಿಸಿದವರಿಗೇ ವಾಪಸ್. 32ರಲ್ಲಿ 13 ಹೀಗೆ ಹೋದವು. ಪ್ರಿಂಟ್ ಆನ್ ಡಿಮಾಂಡ್‌ನಲ್ಲಿ ನಾವು ಸರಿಯಾಗಿ ಯೋಚಿಸದೆ ಬಿಟ್ಟ ಜಾಗ ಇದೇ. ಸ್ಟಾಕ್ ಇಡಬೇಕಾಗಿಲ್ಲ ನಿಜ, ಆದರೆ ವಾಪಸ್ ಬಂದ ಅಂಗಿ ಈಗಾಗಲೇ ಅಚ್ಚಾಗಿದೆ, ಅದರ ದುಡ್ಡು ನಮ್ಮಿಂದಲೇ ಹೋಗುತ್ತದೆ. 290, ಹೋಗುವ ಕೊರಿಯರ್ 65, ಬರುವ ಕೊರಿಯರ್ 60. ಒಂದು ಅಂಗಿ ವಾಪಸ್ ಬಂದರೆ 415 ನಷ್ಟ. ಬಾಗಿಲಲ್ಲಿ ದುಡ್ಡು ಕೊಟ್ಟ ನಾಲ್ವರಿಂದ ಬಂದ ಲಾಭವನ್ನು ವಾಪಸ್ ಬಂದ ಒಂದೇ ಅಂಗಿ ನುಂಗಿ ಹಾಕಿತು.

ಒಟ್ಟು ಲೆಕ್ಕ ಹೀಗೆ. ಕಟ್ಟಿದ 9 ಜನರಿಂದ 1,206. ಬಾಗಿಲಲ್ಲಿ ಕೊಟ್ಟು ತೆಗೆದುಕೊಂಡ 19 ಜನರಿಂದ 1,976. ಸೇರಿಸಿದರೆ 3,182 ಬಂತು. ವಾಪಸ್ ಬಂದ 13ರಿಂದ 5,395 ಹೋಯಿತು. ಕೊನೆಗೆ ಕೈಯಿಂದ 2,213 ಕಳೆದುಕೊಂಡೆವು, ಸ್ಯಾಂಪಲ್ ದುಡ್ಡು ಬೇರೆ. ದೊಡ್ಡ ಮೊತ್ತವಲ್ಲ ಎನ್ನಬಹುದು. ನಮ್ಮಲ್ಲೊಬ್ಬನ ಪಾಲಿನ ದುಡ್ಡು ಅವನ ತಂಗಿಯ ಕಾಲೇಜು ಫೀಸಿಗೆಂದು ಇಟ್ಟಿದ್ದರಲ್ಲಿ ತೆಗೆದದ್ದು. ಒಂದು ತಿಂಗಳು ನಾವು ನಾಲ್ವರು ಒಟ್ಟಿಗೆ ಕೂತು ಟೀ ಕುಡಿಯಲಿಲ್ಲ.

ಮುನಿಸು ಇಳಿದ ಮೇಲೆ ಆ ಹದಿಮೂರು ಜನಕ್ಕೂ ಫೋನ್ ಮಾಡಿದೆವು. ಬೈಯಲು ಅಲ್ಲ, ತಿಳಿಯಲು. ಐದು ಜನರ ಊರಿಗೆ ಕೊರಿಯರ್ ಹುಡುಗ ಹೋಗಿರಲೇ ಇಲ್ಲ. 'ಗುಂಡ್ಲುಪೇಟೆಗೇ ಬಂದು ತಗೊಂಡೋಗಿ' ಎಂದಿದ್ದ. ಒಂದು ಅಂಗಿಗೆ ಬಸ್ ಚಾರ್ಜು ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ನಾಲ್ಕು ಜನರ ಬಳಿ ಆ ದಿನ ಐನೂರು ರೂಪಾಯಿ ಇರಲಿಲ್ಲ. ಒಬ್ಬರು ಹೇಳಿದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ: 'ಬಟವಾಡೆ ಶನಿವಾರ ಸ್ವಾಮಿ, ಅದು ಬಂದದ್ದು ಬುಧವಾರ.' ಇಬ್ಬರ ಫೋನ್ ಸಿಗಲಿಲ್ಲ. ಇನ್ನಿಬ್ಬರು ರಾತ್ರಿ ತಮಾಷೆಗೆ ಒತ್ತಿದವರು. ಅಂದರೆ ನಾವು ಬೈದುಕೊಂಡಂತೆ ಮೋಸಗಾರರು ಇಬ್ಬರೇ. ಉಳಿದವರಿಗೆ ಅಂಗಿ ಬೇಕಿತ್ತು. ಆದರೆ ಅಚ್ಚು ಹಾಕಲು ಮೂರು ದಿನ, ಬರಲು ಏಳೆಂಟು ದಿನ. ಅಷ್ಟರಲ್ಲಿ ಆಸೆ ಆರಿ ಹೋಗಿರುತ್ತದೆ, ಇಲ್ಲವೇ ಜೇಬು ಖಾಲಿಯಾಗಿರುತ್ತದೆ. ಅಂಗಡಿಯಲ್ಲಿ ಅಂಗಿ ಕೈಗೆ ಸಿಗುವಾಗ ದುಡ್ಡು ಕೊಡುತ್ತೇವೆ, ಆಗ ಆಸೆಯೂ ಬಿಸಿಯಾಗಿರುತ್ತದೆ. ಇಲ್ಲಿ ಹಾಗಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಉಳಿದೇ ಇತ್ತು. ಆರು ಲಕ್ಷ ಜನ ಎಲ್ಲಿ ಹೋದರು? ವಿಡಿಯೊ ಯಾವ ಊರಿನವರು ನೋಡಿದ್ದಾರೆ ಎಂದು ಪುಟದ ಅಂಕಿಅಂಶದಲ್ಲಿ ತೋರಿಸುತ್ತದೆ. ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಕೋಯಿಕ್ಕೋಡ್. ಓಣಂ ಹತ್ತಿರವಿತ್ತು, ಕೇರಳದವರಿಗೆ ಹೂವು ಬೇಕಿತ್ತು, ಹೂವಿನ ಹೊಲ ನೋಡಿದರು. ನಮ್ಮನ್ನು ನೋಡಲಿಲ್ಲ. ಆ ವಿಡಿಯೊಗೆ ಬಂದವರಲ್ಲಿ ಹೆಚ್ಚಿನವರು ನಮ್ಮ ಇನ್ನೊಂದು ವಿಡಿಯೊ ತೆರೆದೇ ಇಲ್ಲ. ಅಂಗಿಯ ಮೇಲೆ ಕನ್ನಡದಲ್ಲಿ ಊರಿನ ಹೆಸರು ಬರೆದರೆ ಓದಲೂ ಬಾರದವರಿಗೆ ಅದನ್ನು ಮಾರಲು ಹೊರಟಿದ್ದೆವು!

ಅದೇ ಹೊತ್ತಿಗೆ ನಮ್ಮ ಪುಟದಲ್ಲಿ ಇನ್ನೊಂದು ಸರಣಿ ಸದ್ದಿಲ್ಲದೆ ನಡೆಯುತ್ತಿತ್ತು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬರುವ ಒಂದೊಂದು ಮಾತು ಹಿಡಿದು ಮಾಡಿದ ಸಣ್ಣ ವಿಡಿಯೊಗಳು. ನಾಲ್ಕೈದು ಸಾವಿರ ಜನ ನೋಡುತ್ತಿದ್ದರು, ಅಷ್ಟೇ. ಆದರೆ ಕಾಮೆಂಟುಗಳು ಬೇರೆ ಥರ ಇದ್ದವು. 'ನಮ್ಮಜ್ಜಿ ಇಂಗೇ ಅಂತಿದ್ರು ಕನಪ್ಪ', 'ಪೀಣ್ಯದಲ್ಲಿ ರೂಮಲ್ಲಿ ಕೂತು ಇದನ್ನ ಹತ್ತು ಸಲ ನೋಡ್ದೆ.' ಅದರಲ್ಲಿ 'ಬುಡತ್ಲಾಗೆ' ಎನ್ನುವ ಮಾತಿನ ವಿಡಿಯೊ ಇತ್ತು. ಬೆಳೆ ಹೋದರೂ ಬಸ್ಸು ಹೋದರೂ ನಮ್ಮವರು ಕೊನೆಗೆ ಹೇಳುವ ಮಾತು. ಎರಡು ತಿಂಗಳಾದ ಮೇಲೆ ತೆರಕಣಾಂಬಿ ರಸ್ತೆಯಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಗೂಡ್ಸ್ ಆಟೊದ ಹಿಂದೆ ಅದೇ ಮಾತು, ನಾವು ವಿಡಿಯೊದಲ್ಲಿ ಬರೆದ ಅಕ್ಷರದ ಮಾದರಿಯಲ್ಲೇ, ಹಳದಿ ಸ್ಟಿಕ್ಕರ್‌ನಲ್ಲಿ ಕತ್ತರಿಸಿ ಅಂಟಿಸಿದ್ದನ್ನು ನೋಡಿದೆವು. ನಿಲ್ಲಿಸಿ ಕೇಳಿದೆವು. ಮೊಬೈಲಿನಲ್ಲಿ ಅಂಗಡಿಯವನಿಗೆ ತೋರಿಸಿ 150 ಕೊಟ್ಟು ಮಾಡಿಸಿದೆ ಎಂದ ಡ್ರೈವರಣ್ಣ. ನಾವು ಮಾರಲು ಹೋಗುವ ಮೊದಲೇ ಒಬ್ಬ ಮನುಷ್ಯ ನಮ್ಮ ಕೆಲಸದ ಮೇಲೆ ತನ್ನ ದುಡ್ಡು ಖರ್ಚು ಮಾಡಿದ್ದ. ಆರು ಲಕ್ಷದಲ್ಲಿ ಕಾಣದ ಸುದ್ದಿ ಆ ಒಂದು ಆಟೊದಲ್ಲಿ ಇತ್ತು.

ಆಮೇಲೆ ನಾವು ಮಾಡಿದ್ದು ಹಳೆ ಕಾಲದ ಕೆಲಸ. ಒಂದು ನೋಟ್ ಬುಕ್ ತಂದು, ಮೂರು ಅಥವಾ ಹೆಚ್ಚು ವಿಡಿಯೊಗಳಿಗೆ ಮಾತು ಬರೆದವರ ಹೆಸರನ್ನು ಗುರುತು ಹಾಕಿದೆವು. ಲೈಕು ಲೆಕ್ಕಕ್ಕಿಲ್ಲ, ಬೆಂಕಿ ಚಿತ್ರ, ಹೃದಯದ ಚಿತ್ರವೂ ಇಲ್ಲ. 214 ಹೆಸರು ಸಿಕ್ಕವು. ನಮ್ಮನ್ನು ಹಿಂಬಾಲಿಸುವವರು ಆಗ 19 ಸಾವಿರ ಇದ್ದರು. ನಮ್ಮ ಸಂತೆಗೆ ನಿಜವಾಗಿ ಬಂದವರು 214, ಉಳಿದವರು ದಾರಿಯಲ್ಲಿ ಹೋಗುವವರು.

ಇದು ನಾವು ಕಂಡುಹಿಡಿದದ್ದೇನಲ್ಲ. 2012ರಲ್ಲಿ ಪವನ್ ಕುಮಾರ್ 'ಲೂಸಿಯಾ' ಸಿನಿಮಾಕ್ಕೆ ನಿರ್ಮಾಪಕರು ಸಿಗದೆ ತಮ್ಮ ಬ್ಲಾಗಿನಲ್ಲಿ ಬರೆದಾಗ, ನೂರಕ್ಕೂ ಹೆಚ್ಚು ಜನ ಸೇರಿ ಒಂದು ತಿಂಗಳೊಳಗೆ ಐವತ್ತು ಲಕ್ಷದ ಆಸುಪಾಸು ಹಾಕಿದ್ದರು. ಸಿನಿಮಾ ಇನ್ನೂ ಶುರುವಾಗಿರಲಿಲ್ಲ. ನಮಗೆ ಅದರಲ್ಲಿ ಮುಖ್ಯವೆನಿಸಿದ್ದು ದುಡ್ಡಿನ ಮೊತ್ತವಲ್ಲ. ಅವರು ಅದಕ್ಕೆ ಮೊದಲೇ 'ಲೈಫು ಇಷ್ಟೇನೆ' ಮಾಡಿದ್ದರು, ಬ್ಲಾಗಿನಲ್ಲಿ ಬರೆಯುತ್ತಿದ್ದರು, ಓದುವವರ ಗುಂಪೊಂದು ಇತ್ತು. ದುಡ್ಡು ಹಾಕಿದವರು ನೂರು ಚಿಲ್ಲರೆ ಜನ, ನೋಡಿದವರೆಲ್ಲ ಅಲ್ಲ.

ಎರಡನೆಯ ಸಲ ಅಂಗಿಯ ಮೇಲೆ 'ಬುಡತ್ಲಾಗೆ' ಎಂದಷ್ಟೇ ಇತ್ತು, ಕಪ್ಪು ಬಟ್ಟೆಗೆ ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣದ ಗೋಳಿಲ್ಲ. ಇದರ ಜೊತೆ ಮಾದಪ್ಪನ 'ಉಘೇ' ಹಾಕಿದರೆ ಚೆನ್ನಾಗಿ ಹೋಗುತ್ತದೆ ಎಂದು ಒಬ್ಬ ಹೇಳಿದ. ಹೋಗುತ್ತಿತ್ತು ಕೂಡ. ಬೆಟ್ಟಕ್ಕೆ ನಡೆದು ಹೋಗುವ ನಮ್ಮ ದೊಡ್ಡಪ್ಪನೊಬ್ಬರನ್ನು ಕೇಳಿದೆವು. 'ಬೆವರು ಒರೆಸ್ಕೊಳೋ ಬಟ್ಟೆ ಮ್ಯಾಲೆ ಅಪ್ಪನ ಹೆಸರು ಬ್ಯಾಡ ಮಗ' ಎಂದರು. ಬಿಟ್ಟೆವು. ರಾಜಣ್ಣನ, ಅಪ್ಪುವಿನ ಮುಖ ಹಾಕಿ ಎಂದವರೂ ಇದ್ದರು. ಗಾಜನೂರು ನಮಗೆ ದೂರವೇನಲ್ಲ, ಅಭಿಮಾನ ಯಾರಿಗಿಲ್ಲ? ಆದರೆ ಆ ಚಿತ್ರ ನಮ್ಮದಲ್ಲ, ಇನ್ನೊಬ್ಬರ ಹೆಸರಿನ ಮೇಲೆ ನಾವು ವ್ಯಾಪಾರ ಮಾಡಿದ ಹಾಗಾಗುತ್ತದೆ. ಇಂಥ ಕಂಪನಿಗಳೂ ಅಂಥ ಚಿತ್ರಕ್ಕೆ ಹಕ್ಕು ಯಾರದೆಂದು ಕೇಳುತ್ತವೆ.

ಈ ಸಲ ಬಾಗಿಲಲ್ಲಿ ದುಡ್ಡು ಇಲ್ಲ. ಹತ್ತು ದಿನ ಸಮಯ, 100 ರೂಪಾಯಿ ಮುಂಗಡ, ಅಳತೆ ಹೇಳಬೇಕು. 25 ಜನ ಸೇರದಿದ್ದರೆ ಅಂಗಿ ಮಾಡುವುದಿಲ್ಲ, ಮುಂಗಡ ವಾಪಸ್ ಎಂದು ಮೊದಲೇ ಬರೆದೆವು. ಆ ಹತ್ತು ದಿನ ನಮಗೆ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಏಳೇ ಜನ ಇದ್ದರು. ಸುಳ್ಳೇ 'ಇನ್ನು ಸ್ವಲ್ಪವೇ ಉಳಿದಿವೆ' ಎಂದು ಹಾಕೋಣವೇ ಎಂಬ ಮಾತೂ ಬಂತು. ಪತ್ರಿಕೋದ್ಯಮ ಓದಿದವರು ನಾವು, ಅದನ್ನು ಹಾಕಲು ಕೈ ಬರಲಿಲ್ಲ. ಬದಲು ಕಲ್ಲಿನ ಮೇಲೆ ಒಗೆದ ಸ್ಯಾಂಪಲ್‌ನ ವಿಡಿಯೊ ಹಾಕಿದೆವು. ಮಾಸಿದ್ದೆಷ್ಟು ಎಂದು ಅದರಲ್ಲಿ ಕಾಣುತ್ತಿತ್ತು. ಅದಾದ ಮೇಲೆ ಜನ ಬಂದರು. 38 ಮುಂಗಡ, ಅದರಲ್ಲಿ 36 ಜನ ಬಾಕಿ 399 ಕಟ್ಟಿದರು. ಇಬ್ಬರು ಬೇಡ ಎಂದರು, ಅವರ ನೂರು ವಾಪಸ್ ಹಾಕಿದೆವು. ಆ 36 ಹೆಸರನ್ನು ನೋಟ್ ಬುಕ್ಕಿನೊಂದಿಗೆ ಇಟ್ಟು ನೋಡಿದಾಗ 29 ಅದರಲ್ಲೇ ಇದ್ದವು.

ಯಾರು ಅವರು? 23 ಜನ ಬೆಂಗಳೂರು, ಮೈಸೂರಿನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು. ಊರಲ್ಲೇ ಇರುವವನಿಗೆ ಊರಿನ ಮಾತು ಅಂಗಿಯ ಮೇಲೆ ಯಾಕೆ, ಬಾಯಲ್ಲೇ ಇದೆಯಲ್ಲ. ಬಿಟ್ಟು ಹೋದವನಿಗೆ ಬೇಕು. ಪ್ರಿಂಟ್ ಆನ್ ಡಿಮಾಂಡ್ ಸರಿ ಹೊಂದುವುದೂ ಇವರಿಗೇ. ಒಬ್ಬೊಬ್ಬರೂ ಒಂದೊಂದು ಕಡೆ ಇರುತ್ತಾರೆ, ಅಲ್ಲಿ ಕೊರಿಯರ್ ಬಾಗಿಲಿಗೇ ಹೋಗುತ್ತದೆ. ಇಲ್ಲಿನ 13 ಜನರದನ್ನು ಒಟ್ಟಿಗೆ ಒಂದೇ ಪಾರ್ಸೆಲ್ ಮಾಡಿಸಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಪರಿಚಯದ ಮೊಬೈಲ್ ಅಂಗಡಿಗೆ ತರಿಸಿದೆವು. ಕೊರಿಯರ್ 180 ಆಯಿತು. ಪೇಟೆಗೆ ಬಂದಾಗ ಬಂದವರು ತೆಗೆದುಕೊಂಡು ಹೋದರು. ಯುಪಿಐಗೆ ನೇರ ಬಂದ ದುಡ್ಡಾದ್ದರಿಂದ ಕಮಿಷನ್ ಇಲ್ಲ. ಹೊರಗಿನ 23 ಜನರಿಂದ 3,312, ಇಲ್ಲಿನ 13 ಜನರಿಂದ 2,537. ಹಳೆ ನಷ್ಟವನ್ನೂ ಸ್ಯಾಂಪಲ್ ಖರ್ಚನ್ನೂ ಕಳೆದರೆ 2,236 ರೂಪಾಯಿ ಮಿಕ್ಕಿತು. ಮೊದಲು ತಂಗಿಯ ಫೀಸಿನ ದುಡ್ಡು ವಾಪಸ್ ಹೋಯಿತು.

ಆದರೂ ಒಂದು ಕಡೆ ಎಡವಿದೆವು ಎಂದು ಆಮೇಲೆ ಗೊತ್ತಾಯಿತು. ಮೈಸೂರಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಒಂದೇ ಬಣ್ಣದ ಅಚ್ಚು, 50 ಅಂಗಿ ಮಾಡಿಸಿದರೆ ಒಂದಕ್ಕೆ 190 ಎಂದರು. ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ ನಮ್ಮ ಹುಡುಗರ ಸಂಘಗಳು ಮಾಡಿಸುವುದು ಹೀಗೇ. ಊರೂರು ತಿರುಗಿ ದುಡ್ಡು ಮೊದಲೇ ಎತ್ತಿರುತ್ತಾರೆ, ಯಾರ ಅಳತೆ ಯಾವುದು ಎಂದು ಗೊತ್ತಿರುತ್ತದೆ, ಒಂದೂ ಉಳಿಯುವುದಿಲ್ಲ. ಅಳತೆ ಗೊತ್ತಿಲ್ಲದೆ 50 ಮಾಡಿಸಿದರೆ ತೀರಾ ಚಿಕ್ಕದು, ತೀರಾ ದೊಡ್ಡದು ಉಳಿದು ಅಟ್ಟ ಸೇರುತ್ತವೆ. ನಮ್ಮ ಬಳಿ ಮುಂಗಡ ಇತ್ತು, ಅಳತೆಯೂ ಇತ್ತು. 50 ದಾಟಿದ್ದರೆ ತಿರುಪ್ಪೂರಿಗೆ ಹೋಗಬೇಕಾಗೇ ಇರಲಿಲ್ಲ.

ಇನ್ನು ಡಬ್ಬದಿಂದ ಹೋದ ಐದು ಅಂಗಿಗಳ ವಿಷಯ. ಅವು ನಮ್ಮ ತಾಯಂದಿರ ಬಳಿ ಇವೆ. ಹೂ ಕೊಯ್ಯಲು ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುತ್ತಾರೆ, ಎದೆಯ ಮೇಲೆ ಮಂಕು ಚೆಂಡು ಹೂವು. ಕಳೆದ ವಾರ ಒಬ್ಬರು, 'ಬಟ್ಟೆ ಪರವಾಗಿಲ್ಲ ಕನಾ, ತೋಳು ಗಿಡ್ಡ, ಕೈಯೆಲ್ಲ ಕೆರಿತದೆ. ಉದ್ದ ತೋಳಿಂದು ಮಾಡ್ಸಿದ್ರೆ ನಮ್ಮ ಗುಂಪ್ನೋರು ಹದಿನೆಂಟು ಜನ ತಗೋತಾರೆ' ಎಂದರು. ದುಡ್ಡು ಯಾವಾಗ ಕೊಡುತ್ತಾರೆ ಎಂದು ಕೇಳಿದೆವು. ಶನಿವಾರ ಎಂದರು.